ಒಂದು ಚುಕ್ಕಿ, ಒಂದು ಅಕ್ಷರ

ಹಳೆಯ ಕೈಬರಹದ ಪುಟವೊಂದನ್ನು ಟೈಪ್ ಮಾಡೋಕೆ ಕೂತರೆ ಮೊದಲ ಹತ್ತು ನಿಮಿಷದಲ್ಲೇ ನಾಲ್ಕು ತರದ ತೊಂದರೆ ಎದುರಾಗುತ್ತೆ. ಒಂದು ಪದ ಓದೋಕೇ ಆಗಲ್ಲ. ಇನ್ನೊಂದು ಹೀಗೂ ಇರಬಹುದು, ಹಾಗೂ ಇರಬಹುದು. ಮತ್ತೊಂದನ್ನು ಬರೆದವರೇ ಹೊಡೆದುಹಾಕಿದ್ದಾರೆ. ಇನ್ನೊಂದನ್ನು ಸಾಲಿನ ಮೇಲೆ ಸಣ್ಣದಾಗಿ ತುರುಕಿದ್ದಾರೆ. ನಮ್ಮಲ್ಲಿ ಹೆಚ್ಚಿನವರು ಈ ನಾಲ್ಕಕ್ಕೂ ಒಂದೇ ಔಷಧಿ ಹಾಕ್ತೀವಿ: ಅರ್ಥ ಆಗೋ ಹಾಗೆ ಚೊಕ್ಕವಾಗಿ ಬರೆದುಬಿಡೋದು. ಓದೋಕೆ ಸುಖ. ಆದರೆ ಪುಟದಲ್ಲಿ ಇದ್ದದ್ದು ಯಾವುದು, ನಾವು ಊಹಿಸಿದ್ದು ಯಾವುದು ಅನ್ನೋದು ಆಮೇಲೆ ಯಾರಿಗೂ ಗೊತ್ತಾಗಲ್ಲ. ಟೈಪ್ ಮಾಡಿದ ನಮಗೂ.

ಗ್ರೀಕ್ ಪಪೈರಸ್ ಓದುವ ವಿದ್ವಾಂಸರಿಗೆ ಈ ತಲೆನೋವು ಬಹಳ ಹಿಂದೇ ಬಂದಿತ್ತು. ಒಬ್ಬ ಸಂಪಾದಕ ಚೌಕ ಆವರಣ ಹಾಕಿದರೆ ಒಂದರ್ಥ, ಇನ್ನೊಬ್ಬ ಹಾಕಿದರೆ ಬೇರೆ ಅರ್ಥ. ಕೊನೆಗೆ 1931ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಸೇರಿ ಒಂದು ಪಟ್ಟಿಗೆ ಒಪ್ಪಿಕೊಂಡರು. ಅದಕ್ಕೇ ಅದನ್ನು ಲೈಡನ್ ಪದ್ಧತಿ ಅಂತಾರೆ. ಹಾಳೆಯೇ ಹೋಗಿ ಅಕ್ಷರ ಕಳೆದಿದ್ದರೆ ಚೌಕ ಆವರಣ, ಒಳಗೆ ಹೋದ ಅಕ್ಷರಕ್ಕೊಂದರಂತೆ ಚುಕ್ಕಿ. ಬರೆದವನೇ ಅಳಿಸಿದ್ದರೆ ಜೋಡಿ ಚೌಕ ಆವರಣ. ಸಾಲಿನ ಮೇಲೆ ಸೇರಿಸಿದ್ದಕ್ಕೆ ಎರಡು ಓರೆಗೆರೆ. ಅನುಮಾನದ ಅಕ್ಷರಕ್ಕೆ ಅದರ ಕೆಳಗೊಂದು ಚುಕ್ಕಿ.

ನಾನಿದನ್ನು ಹುಡುಕಿಕೊಂಡು ಹೋಗಿದ್ದು ಅಜ್ಜನ ಲೆಕ್ಕದ ಪುಸ್ತಕಕ್ಕಾಗಿ. ರೂಪಾಯಿ, ಆಣೆ, ಪೈ ಕಾಲದ್ದು, ಅಂಕಿಗಳೆಲ್ಲ ಕನ್ನಡದವು. ಅದರಲ್ಲೊಂದು ಸಾಲಿನ ಮೇಲೆ ನಮ್ಮ ಮನೆಯ ಒಂದು ಹಳೇ ಮಾತು ನಿಂತಿದೆ. ಕೆಳಮನೆಯವರು ಅಜ್ಜನ ಹತ್ತಿರ ಕೈಗಡ ತಗೊಂಡು ತೀರಿಸದೇ ಉಳಿದರು ಅಂತ ಮೂರು ತಲೆಮಾರಿಂದ ಹೇಳಿಕೊಂಡು ಬಂದಿದ್ದೇವೆ. ಮದುವೆ ಮುಂಜಿಗೆ ಕರೀತೀವಿ, ಅವರೂ ಬರ್ತಾರೆ, ಆದರೆ ಆ ಮಾತು ಮಾತ್ರ ಹೋಗಿಲ್ಲ. ಹಾಗಾಗಿ ಈ ಸಾಲನ್ನು ನನ್ನಿಷ್ಟಕ್ಕೆ ಚೊಕ್ಕ ಮಾಡೋ ಹಾಗಿರಲಿಲ್ಲ.

ಲೈಡನ್ ಪಟ್ಟಿಯನ್ನು ಹಾಗೇ ಎತ್ತಿ ಕನ್ನಡಕ್ಕೆ ಹಾಕೋಕೆ ಆಗಲ್ಲ. ಮೊದಲ ತೊಡಕು ಅಕ್ಷರದ ಕೆಳಗಿನ ಚುಕ್ಕಿ. ಗ್ರೀಕ್ ಅಕ್ಷರದ ಕೆಳಗೆ ಜಾಗ ಖಾಲಿ ಇರುತ್ತೆ. ನಮ್ಮಲ್ಲಿ ಅಲ್ಲಿ ಒತ್ತಕ್ಷರ ಕೂತಿರುತ್ತೆ. ಸಾಲದ್ದಕ್ಕೆ ಫ಼, ಜ಼ ಬರೆಯುವಾಗ ನಾವೇ ಕೆಳಗೆ ಚುಕ್ಕಿ ಹಾಕ್ತೀವಿ. ಅದಕ್ಕೇ ಅನುಮಾನ ಇರುವ ಅಕ್ಷರದ ಬೆನ್ನಿಗೇ ಪ್ರಶ್ನಾರ್ಥಕ ಚಿಹ್ನೆ ಹಾಕೋದು ಅಂತ ಇಟ್ಟುಕೊಂಡೆ. ಅಜ್ಜ ಲೆಕ್ಕದಲ್ಲಿ ಎಲ್ಲೂ ಆ ಚಿಹ್ನೆ ಬಳಸಿಲ್ಲ, ಹಾಗಾಗಿ ಗೊಂದಲ ಇಲ್ಲ. ಚಿಹ್ನೆ ಆರಿಸುವ ಮುಂಚೆ ನೋಡಬೇಕಾದ್ದು ಇದನ್ನೇ: ಬರೆದವರು ತಾವೇ ಬಳಸಿರುವ ಗುರುತು ನಮಗೆ ಬೇಡ. ಅಜ್ಜ ದುಂಡು ಆವರಣ ಧಾರಾಳವಾಗಿ ಬಳಸಿದ್ದಾರೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಅದಿಲ್ಲ.

ಎರಡನೇ ತೊಡಕು, ಒಂದು ಚುಕ್ಕಿ ಅಂದರೆ ಎಷ್ಟು? ಕಂಪ್ಯೂಟರಿಗೆ ‘ಲ್ಲಿ’ ಅನ್ನೋದು ನಾಲ್ಕು ಸಂಕೇತ: ಲ, ವಿರಾಮ ಚಿಹ್ನೆ, ಮತ್ತೊಂದು ಲ, ಗುಡಿಸು. ಕಣ್ಣಿಗೂ ಕೈಗೂ ಅದು ಒಂದೇ ಅಕ್ಷರ. ಹಾಳೆಯಲ್ಲಿ ಜಾಗ ಹಿಡಿಯೋದು ಕೈ ಬರೆದ ಅಕ್ಷರ, ಯೂನಿಕೋಡ್ ಅಲ್ಲ. ಆದ್ದರಿಂದ ಒತ್ತು, ಗುಣಿತ ಎಲ್ಲ ಸೇರಿದ ಒಂದು ಅಕ್ಷರಕ್ಕೆ ಒಂದು ಚುಕ್ಕಿ. ಇದನ್ನು ಮೊದಲ ಪುಟದಲ್ಲೇ ಬರೆದಿಡಬೇಕು. ಇಲ್ಲದಿದ್ದರೆ ಮುಂದೆ ಓದುವವರು ನಾಲ್ಕು ಚುಕ್ಕಿ ನೋಡಿ ನಾಲ್ಕು ಅಕ್ಷರ ಹೋಗಿದೆ ಅಂದುಕೊಳ್ಳಬೇಕೋ, ಒಂದು ‘ಲ್ಲಿ’ ಹೋಗಿದೆ ಅಂದುಕೊಳ್ಳಬೇಕೋ ತಿಳಿಯಲ್ಲ.

ಇನ್ನೊಂದು ವ್ಯತ್ಯಾಸ ಕಾಪಾಡಿಕೊಂಡೆ. ಶಾಯಿ ಇದೆ, ಆದರೆ ಓದೋಕೆ ಆಗ್ತಿಲ್ಲ ಅನ್ನೋದು ಒಂದು. ಹಾಳೆಯೇ ಇಲ್ಲ ಅನ್ನೋದು ಬೇರೆ. ಮೊದಲನೆಯದನ್ನು ನಾಳೆ ಒಳ್ಳೆ ಬೆಳಕಲ್ಲಿ, ಒಳ್ಳೆ ಕ್ಯಾಮೆರಾದಲ್ಲಿ ಯಾರಾದರೂ ಓದಿಯಾರು. ಎರಡನೆಯದನ್ನು ಯಾರೂ ಓದಲಾರರು. ಮೊದಲನೆಯದಕ್ಕೆ ಅಕ್ಷರಕ್ಕೊಂದು ಕೂಡು ಚಿಹ್ನೆ, ಎರಡನೆಯದಕ್ಕೆ ಚೌಕ ಆವರಣದಲ್ಲಿ ಚುಕ್ಕಿ.

ಈಗ ಆ ಸಾಲು. ಈ ನಿಯಮಗಳ ಪ್ರಕಾರ ಅದು ಹೀಗೆ ಬಂತು:

```
ಕೆಳಮನೆ ಕೈಗಡ ರೂ ೧೨?೦ ಬಡ್ಡಿ ⟦ಸಹ⟧ \ಬಿಟ್ಟು/ ಸಲ್ಲ?[.]
```

ಮೊದಲು ಅಂಕಿ. ಅಜ್ಜನ ಕೈಯಲ್ಲಿ ೨ ಮತ್ತು ೩ ಅಕ್ಕತಂಗಿಯರ ಹಾಗೆ. ಇಲ್ಲಿ ಬಾಲದ ಮೇಲೆ ಶಾಯಿ ಹರಡಿದೆ. ೧೨೦ ಇರಬಹುದು, ೧೩೦ ಇರಬಹುದು. ಪುಟದ ಅಡಿಯಲ್ಲಿ ಮೊತ್ತ ಸ್ಪಷ್ಟವಾಗಿದೆ: ೨೬೮-೮-೦. ಉಳಿದ ಮೂರು ಬಾಬುಗಳು ೪೫-೪-೦, ೬೦-೦-೦, ೪೩-೪-೦. ಕೂಡಿದರೆ 148 ರೂಪಾಯಿ 8 ಆಣೆ. ಕಳೆದರೆ ಉಳಿಯೋದು ಸರಿಯಾಗಿ 120. ಹಾಗಾದರೆ ಪ್ರಶ್ನಾರ್ಥಕ ತೆಗೆಯಬಹುದಲ್ವಾ?

ಇಲ್ಲ. ಲೈಡನ್‌ನ ಚುಕ್ಕಿಗೂ ಇದೇ ನಿಯಮ. ಸುತ್ತಲಿನ ಸಂದರ್ಭ ಬಿಟ್ಟು ಬರೀ ಆ ಅಕ್ಷರದ ಶಾಯಿಯನ್ನು ನೋಡಿದರೆ ಬೇರೆ ಓದೂ ಸಾಧ್ಯವಾ ಅನ್ನೋದಷ್ಟೇ ಪ್ರಶ್ನೆ. ಇಲ್ಲಿ ಸಾಧ್ಯ, ಆದ್ದರಿಂದ ಗುರುತು ಉಳೀತು. ಮೊತ್ತದಿಂದ 120 ಅಂತ ಸಿಗುತ್ತೆ ಅನ್ನೋದು ಟಿಪ್ಪಣಿಗೆ ಹೋಯ್ತು. ಕಣ್ಣು ಹೇಳಿದ್ದು ಸಾಲಿನಲ್ಲಿ, ತರ್ಕ ಹೇಳಿದ್ದು ಅಡಿಯಲ್ಲಿ. ನಾಳೆ ಯಾರಿಗಾದರೂ ‘ಅಜ್ಜನೇ ಕೂಡುವಾಗ ತಪ್ಪಿರಬಹುದಲ್ಲ’ ಅನ್ನಿಸಿದರೆ ಅವರು ಪರೀಕ್ಷಿಸೋಕೆ ಎರಡೂ ಬೇರೆಬೇರೆ ಇರಬೇಕು.

ಆಮೇಲೆ ಬಡ್ಡಿ. ಮೊದಲು ‘ಬಡ್ಡಿ ಸಹ’ ಅಂತ ಶಾಯಿಯಲ್ಲಿ ಬರೆದಿದೆ. ‘ಸಹ’ ಹೊಡೆದು, ಮೇಲೆ ಪೆನ್ಸಿಲ್‌ನಲ್ಲಿ ‘ಬಿಟ್ಟು’ ಸೇರಿಸಿದೆ. ಚೊಕ್ಕವಾಗಿ ‘ಬಡ್ಡಿ ಬಿಟ್ಟು’ ಅಂತ ಟೈಪ್ ಮಾಡಿದ್ದರೆ ಮೊದಲಿಂದಲೇ ಬಡ್ಡಿಯಿಲ್ಲದ ಸಾಲ ಅಂತ ಆಗ್ತಿತ್ತು. ಬಡ್ಡಿಯ ಮಾತು ಮೊದಲು ಇತ್ತು, ಆಮೇಲೆ ಯಾವಾಗಲೋ ಬೇರೆ ಸಾಧನ ಹಿಡಿದು ಅದನ್ನು ಬಿಟ್ಟರು ಅನ್ನೋ ಎರಡು ಹಂತದ ಕತೆ ಉಳಿಯೋದು ಹೊಡೆದದ್ದನ್ನೂ ಇಟ್ಟುಕೊಂಡಾಗ ಮಾತ್ರ. ಕೋಡ್ ಬರೆಯುವವರಿಗೆ ಇದು ಹೊಸದಲ್ಲ. ಕೊನೆಯ ಫೈಲ್ ಒಂದೇ ಇದ್ದರೆ ಏನು ಬದಲಾಯ್ತು ಅಂತ ಗೊತ್ತಾಗಲ್ಲ, ಡಿಫ್ ಬೇಕು.

ಕೊನೆಯ ಪದ ನಿಜವಾದ ಜಗಳದ್ದು. ‘ಸ’ ಚೆನ್ನಾಗಿದೆ. ಮುಂದಿನ ಅಕ್ಷರದ ಮೇಲ್ಭಾಗವನ್ನು ಹುಳ ತಿಂದಿದೆ. ಕೆಳಗಿನ ಲ ಒತ್ತು ಮಾತ್ರ ಕಾಣುತ್ತೆ. ಅಲ್ಲಿಂದ ಅಂಚಿನವರೆಗೆ ತೂತು. ದೊಡ್ಡಪ್ಪನಿಗೆ ಫೋನಿನಲ್ಲಿ ಫೋಟೋ ಕಳಿಸಿದೆ. ಒಂದು ಕ್ಷಣವೂ ತಡೀಲಿಲ್ಲ.

“ಅದರಲ್ಲೇನೋ ಅನುಮಾನ? ಸಲ್ಲತಕ್ಕದ್ದು ಅಂತಿದೆ. ಬರಬೇಕಾದ ದುಡ್ಡು ಅಂತ.”

“ದೊಡ್ಡಪ್ಪ, ಸಲ್ಲಿತು ಅಂತಲೂ ಆಗಬಹುದಲ್ಲ?”

“ಸಂದಿದ್ರೆ ನಮ್ಮಪ್ಪ ಹೇಳ್ತಿರಲಿಲ್ವಾ?”

ದೊಡ್ಡಪ್ಪ ಓದಿದ್ದು ಪುಟವನ್ನಲ್ಲ, ಚಿಕ್ಕಂದಿನಿಂದ ಕೇಳಿದ ಕತೆಯನ್ನು. ನಾನು ‘ಲ್ಲಿ?’ ಅಂತ ಬರೆದಿದ್ದರೆ ನನ್ನದೂ ಅದೇ ಕೆಲಸ ಆಗ್ತಿತ್ತು. ಗುಡಿಸು ಇರಬೇಕಾದ ಜಾಗವೇ ಹೋಗಿರುವಾಗ ಗುಡಿಸು ಹಾಕಿದರೆ ‘ಸಲ್ಲಿತು’ ಅಂತ ತೀರ್ಪು ಕೊಟ್ಟ ಹಾಗೆ. ಕನ್ನಡದಲ್ಲಿ ಅರ್ಧ ಅಕ್ಷರ ಉಳಿದಾಗ ಎಚ್ಚರ ಬೇಕಾದ್ದು ಇಲ್ಲೇ: ವ್ಯಂಜನ ಬಹುತೇಕ ಖಚಿತ, ಸ್ವರ ಗೊತ್ತಿಲ್ಲ. ಅದಕ್ಕೆ ಗುಣಿತ ಹಾಕದೆ ‘ಲ್ಲ?’ ಅಂತ ಬಿಟ್ಟು, ‘ಮೇಲ್ಭಾಗ ಇಲ್ಲ, ಸ್ವರ ತಿಳಿಯದು’ ಅಂತ ಟಿಪ್ಪಣಿ ಹಾಕಿದೆ.

ಇನ್ನು ಉಳಿದದ್ದು ಎಷ್ಟು ಚುಕ್ಕಿ ಹಾಕೋದು ಅನ್ನೋದು. ಇದಕ್ಕೆ ಸ್ಕೇಲ್ ಸಾಕು. ಅದೇ ಪುಟದಲ್ಲಿ ಒತ್ತಾಗಿ ಬರೆದ ಹತ್ತು ಅಕ್ಷರ ಅಳೆದೆ, 47 ಮಿಲಿಮೀಟರ್. ಅಂದರೆ ಅಕ್ಷರಕ್ಕೆ 4.7. ‘ಸ’ ಮುಗಿದಲ್ಲಿಂದ ಹಾಳೆಯ ಅಂಚಿಗೆ ಇರುವ ಜಾಗ 11 ಮಿಲಿಮೀಟರ್. ‘ಸಲ್ಲಿತು’ ಆದರೆ ಇನ್ನೆರಡು ಅಕ್ಷರ, ಸುಮಾರು 9.5 ಬೇಕು, ಹಿಡಿಸುತ್ತೆ. ‘ಸಲ್ಲತಕ್ಕದ್ದು’ ಆದರೆ ಇನ್ನು ನಾಲ್ಕು, ಸುಮಾರು 19 ಬೇಕು. ಸಾಲಿನ ಕೊನೆಯಲ್ಲಿ ಅಜ್ಜ ಇಕ್ಕಟ್ಟಾಗಿ ಬರೆದಿರುವ ಕಡೆ ಅಳೆದರೂ ಅಕ್ಷರಕ್ಕೆ 3.5ಕ್ಕಿಂತ ಕಡಿಮೆ ಇಲ್ಲ. ಅದರಲ್ಲೂ 14 ಬೇಕಾಗುತ್ತೆ. ಕೆಳಗಿನ ಸಾಲು ಹೊಸ ಬಾಬಿನಿಂದ ಶುರುವಾಗಿದೆ, ಹಾಗಾಗಿ ಪದ ಮುಂದಿನ ಸಾಲಿಗೆ ಹರಿದಿಲ್ಲ. ‘ಲ್ಲ’ ಬಿಟ್ಟರೆ ಉಳಿಯೋದು ಒಂದೇ ಅಕ್ಷರದ ಜಾಗ. ಒಂದು ಚುಕ್ಕಿ.

ಆದರೂ ಆ ಚುಕ್ಕಿಯ ಜಾಗದಲ್ಲಿ ‘ತು’ ಬರೆಯಲಿಲ್ಲ. ‘ಸಲ್ಲತಕ್ಕದ್ದು’ ಅನ್ನೋದನ್ನು ಅಜ್ಜ ಅಲ್ಲಿ ಮೊಟಕು ಮಾಡಿ ಬರೆದಿರಬಹುದು. ಹಾಗೆ ಮೊಟಕು ಮಾಡುವ ರೂಢಿ ಅವರಿಗಿತ್ತಾ ಅಂತ ಇಡೀ ಪುಸ್ತಕ ಮುಗಿದ ಮೇಲೇ ಹೇಳಬಹುದು.

ಇಡೀ ಪುಸ್ತಕ ಅಂದಾಗ ಮಾತ್ರ ಕಂಪ್ಯೂಟರಿನ ಕೆಲಸ ಬರೋದು. ವಿದ್ವತ್ ಸಂಪಾದನೆಯಲ್ಲಿ ಬಳಸುವ ಟಿಇಐ ಅನ್ನೋ ಗುರುತು ಪದ್ಧತಿಯಲ್ಲಿ ಇದೇ ನಾಲ್ಕಕ್ಕೂ ಹೆಸರಿಟ್ಟ ಟ್ಯಾಗ್‌ಗಳಿವೆ:

```xml
ಬಡ್ಡಿ <subst><del rend="strikethrough">ಸಹ</del>
<add place="above">ಬಿಟ್ಟು</add></subst>
ಸ<unclear>ಲ್ಲ</unclear><gap reason="lost"
quantity="1" unit="akshara"/>
```

ಒಂದು ಪುಸ್ತಕಕ್ಕೆ, ಒಬ್ಬರೇ ಟೈಪ್ ಮಾಡುವಾಗ ಇಷ್ಟು ಬೇಕಿಲ್ಲ. ಸಾದಾ ಚಿಹ್ನೆಗಳೇ ಸಾಕು, ಎಲ್ಲ ಪುಟದಲ್ಲೂ ಒಂದೇ ರೀತಿ ಇದ್ದರೆ ಆಮೇಲೆ ಸ್ಕ್ರಿಪ್ಟ್ ಬರೆದು ಟ್ಯಾಗ್‌ಗೆ ಬದಲಾಯಿಸಬಹುದು. ಹಾಳಾಗೋದು ಆ ಒಂದೇ ರೀತಿಯೇ. ನಲವತ್ತನೇ ಪುಟದ ಹೊತ್ತಿಗೆ ಕೈ ಸೋತು ಆವರಣ ಮುಚ್ಚೋದು ಮರೆಯುತ್ತೆ. ಅದಕ್ಕೆ ದಿನಾ ಮಲಗುವ ಮುಂಚೆ ಇದೊಂದು ಓಡಿಸ್ತೀನಿ:

```
grep -nE '⟦[^⟧]*(⟦|$)' *.txt
```

ತೆರೆದು ಮುಚ್ಚದ ಸಾಲುಗಳೆಲ್ಲ ಸಿಕ್ಕಿಬೀಳುತ್ತೆ. ಹೊಡೆದದ್ದು ಎರಡು ಸಾಲಿಗೆ ಹರಡಿದ್ದರೆ ಸಾಲಿನ ಕೊನೆಗೆ ಮುಚ್ಚಿ, ಮುಂದಿನ ಸಾಲಿಗೆ ಮತ್ತೆ ತೆರೆಯೋದು ಅಂತ ನಿಯಮ ಇಟ್ಟರೆ ಈ ಪರೀಕ್ಷೆ ಸುಳ್ಳು ಹೇಳಲ್ಲ.

ಮುಗಿದಷ್ಟು ಪುಟಗಳನ್ನು ಪ್ರಿಂಟ್ ಹಾಕಿ ಎರಡು ಪ್ರತಿ ಮಾಡಿದ್ದೇನೆ. ಒಂದು ದೊಡ್ಡಪ್ಪನಿಗೆ, ಇನ್ನೊಂದು ಕೆಳಮನೆಗೆ. ಎರಡಕ್ಕೂ ಮೊದಲ ಹಾಳೆಯಲ್ಲಿ ಚಿಹ್ನೆಗಳ ಪಟ್ಟಿ ಇದೆ. ದೊಡ್ಡಪ್ಪ ಚೌಕ ಆವರಣ ನೋಡಿ “ಇದೇನೋ, ಕೊನೇ ಪದವೇ ಇಲ್ವಲ್ಲೋ” ಅಂದರು. ಹೌದು ದೊಡ್ಡಪ್ಪ, ಅಂದೆ, ಪುಸ್ತಕದಲ್ಲೂ ಇಲ್ಲ.