ಬುಧವಾರದ ವಿಳಾಸ

ವ್ಯಾನು ಬರುವುದು ಮೂರು ಗಂಟೆಗೆ. ರಾಯರು ಎರಡೂಕಾಲಿಗೇ ಹೋಗಿ ಪಾರ್ಕಿನ ಗೇಟಿನ ಪಕ್ಕದ ಬೇವಿನ ಮರದ ಕಟ್ಟೆಯ ಮೇಲೆ ಕೂರುತ್ತಿದ್ದರು. ಪೂರ್ವ ದೆಹಲಿಯ ಆ ಬಡಾವಣೆಗೆ ಅವರು ಬಂದು ಎಂಟು ತಿಂಗಳಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆಗೆ ಕೀಲಿ ಹಾಕಿಸಿ ಮಗ ಕರೆದುಕೊಂಡು ಬಂದಿದ್ದ. ಮಗ, ಸೊಸೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ರಾತ್ರಿ. ನಡುವಿನ ಹೊತ್ತಿನಲ್ಲಿ ಅವರು ಬಾಯಿ ಬಿಟ್ಟು ಮಾತಾಡುತ್ತಿದ್ದುದು ಹಾಲಿನವನೊಡನೆ ಒಂದು, ಕಸದವನೊಡನೆ ಒಂದು, ಹೀಗೆ ಎರಡೇ ಮಾತು.

ಮೊದಲ ಬಾರಿ ಆ ವ್ಯಾನನ್ನು ನೋಡಿದಾಗ ಅವರಿಗೆ ನೆನಪಾದದ್ದು ತಮ್ಮ ನೌಕರಿ. ಮೂವತ್ತಾರು ವರ್ಷ ಆರ್.ಎಂ.ಎಸ್.ನಲ್ಲಿ ಸಾರ್ಟರ್ ಆಗಿದ್ದವರು. ಅದರಲ್ಲಿ ಹೆಚ್ಚಿನ ವರ್ಷಗಳು ಓಡುವ ರೈಲಿನ ಅಂಚೆ ಡಬ್ಬಿಯಲ್ಲೇ ಕಳೆದಿದ್ದವು. ರಾತ್ರಿಯೆಲ್ಲ ಗೂಡುಗಳ ಮುಂದೆ ನಿಂತು, ಬುತ್ತಿಯ ಗಂಟನ್ನು ಕಿಟಕಿಗೆ ತೂಗುಹಾಕಿ, ಊರೂರಿನ ಕಾಗದ ಬೇರ್ಪಡಿಸಿ, ಮುಂದಿನ ಸ್ಟೇಷನ್ ಬರುವುದರೊಳಗೆ ಚೀಲ ಕಟ್ಟಬೇಕು. ಪುಸ್ತಕದ ವ್ಯಾನಿನೊಳಗೆ ಇಣುಕಿದರೆ ಅಲ್ಲಿಯೂ ಎರಡೂ ಬದಿಗೆ ಗೂಡುಗಳು. ಕಪಾಟಿನ ಹಲಗೆಗಳು ಹಿಂದಕ್ಕೆ ಸ್ವಲ್ಪ ವಾಲಿದ್ದವು. ಗಾಡಿ ತಿರುವಿನಲ್ಲಿ ತಿರುಗಿದರೂ ಪುಸ್ತಕ ಕೆಳಗೆ ಬೀಳಬಾರದೆಂದು ಹಾಗೆ ಮಾಡಿದ್ದಾರೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಹತ್ತಿ ನೋಡಿದರು. ಹಿಂದಿ, ಇಂಗ್ಲಿಷ್, ಒಂದಿಷ್ಟು ಪಂಜಾಬಿ, ಉರ್ದು. ಕನ್ನಡ ಇರಲಿಲ್ಲ. ಇರುತ್ತದೆಂದು ಅವರು ಎಣಿಸಿಯೂ ಇರಲಿಲ್ಲ. ಒಂದು ಹಿಂದಿ ಕಥೆಗಳ ಪುಸ್ತಕ ತೆಗೆದು, ರೈಲಿನಲ್ಲಿ ಕಲಿತ ಹಿಂದಿಯಲ್ಲಿ ಅಕ್ಷರ ಕೂಡಿಸಿಕೊಂಡು ನಿಂತಲ್ಲೇ ಎರಡು ಪುಟ ಓದಿದರು. ಮನೆಗೆ ಒಯ್ಯಬಹುದೇ ಎಂದು ಕೇಳಿದಾಗ ಗ್ರಂಥಪಾಲಕಿ ಅರ್ಜಿಯ ಹಾಳೆ ಕೊಟ್ಟು, "ಸದಸ್ಯರಾಗಬೇಕು ಬಾಬೂಜಿ. ದೆಹಲಿಯ ವಿಳಾಸ ಇರುವ ಆಧಾರ್ ತನ್ನಿ" ಎಂದರು.

ರಾಯರ ಆಧಾರಿನಲ್ಲಿ ಇದ್ದದ್ದು ಹುಬ್ಬಳ್ಳಿಯ ವಿಳಾಸ.

ಆ ಹಾಳೆಯನ್ನು ಅವರು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಮಗನಿಗೆ ತೋರಿಸಲಿಲ್ಲ. ಮುಂದಿನ ನಾಲ್ಕು ಬುಧವಾರವೂ ವ್ಯಾನಿನಲ್ಲೇ ನಿಂತು, ಹಿಂದಿನ ವಾರ ಬಿಟ್ಟ ಪುಟ ಹುಡುಕಿ ಓದಿದರು. ಒಂದು ವಾರ ಆ ಪುಸ್ತಕವನ್ನು ಬೇರೆ ಯಾರೋ ಒಯ್ದುಬಿಟ್ಟಿದ್ದರು. ಕಥೆ ಅರ್ಧಕ್ಕೇ ನಿಂತಿತು.

ಕೆಲಸವೇನೂ ದೊಡ್ಡದಿರಲಿಲ್ಲ. ವಿಳಾಸ ಬದಲಿಸಲು ಅವರ ಹೆಸರಿನಲ್ಲಿ ದೆಹಲಿಯ ಬಾಡಿಗೆ ಪತ್ರವಾಗಲಿ, ಕರೆಂಟ್ ಬಿಲ್ಲಾಗಲಿ ಇರಲಿಲ್ಲ, ನಿಜ. ಆದರೆ ಅಂಥವರಿಗಾಗಿಯೇ ಇನ್ನೊಂದು ದಾರಿ ಉಂಟು. ಕುಟುಂಬದ ಮುಖ್ಯಸ್ಥನ ವಿಳಾಸವನ್ನು ತಮ್ಮದಾಗಿಸಿಕೊಳ್ಳಬಹುದು. ಇಬ್ಬರ ಸಂಬಂಧ ತೋರಿಸುವ ಒಂದು ದಾಖಲೆ ಹಾಕಬೇಕು. ಆಮೇಲೆ ಮುಖ್ಯಸ್ಥನು ಮೂವತ್ತು ದಿನದೊಳಗೆ ವೆಬ್‌ಸೈಟಿನಲ್ಲಿ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಇದನ್ನೆಲ್ಲ ಗ್ರಂಥಪಾಲಕಿಯೇ ತಾಳ್ಮೆಯಿಂದ ಬಿಡಿಸಿ ಹೇಳಿದ್ದರು. ರಾಯರ ಗಂಟಲಲ್ಲಿ ಸಿಕ್ಕಿಕೊಂಡದ್ದು 'ಮುಖ್ಯಸ್ಥ' ಎಂಬ ಮಾತು. ಆ ಮನೆತನಕ್ಕೆ ಮುಖ್ಯಸ್ಥರು ಅವರೇ ಆಗಿದ್ದರು. ಮಗನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಎಂಬಲ್ಲಿ ಇದ್ದದ್ದು ಅವರದೇ ಹೆಸರು.

ಇನ್ನೂ ಒಂದಿತ್ತು. ಊರು ಬಿಟ್ಟವರ ಕಾಗದ ಬಂದಾಗ ಹಳೆಯ ವಿಳಾಸದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆದು ಕಳಿಸುವುದು ಅಂಚೆಯ ಪದ್ಧತಿ. ಅಂಥ ಸಾವಿರಾರು ಕಾಗದ ಅವರ ಕೈಯಲ್ಲಿ ಹಾದುಹೋಗಿದ್ದವು. ಗೆರೆ ಎಳೆದ ವಿಳಾಸಕ್ಕೆ ಮತ್ತೆ ಕಾಗದ ಹೋಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಹುಬ್ಬಳ್ಳಿಯ ಮನೆಯ ಮೇಲೆ ತಾವೇ ಗೆರೆ ಎಳೆಯಲು ಕೈ ಬರಲಿಲ್ಲ.

ಕಟ್ಟೆಯ ಮೇಲೆ ಅವರಂತೆಯೇ ಮೊದಲೇ ಬಂದು ಕೂರುವವರು ಇನ್ನೊಬ್ಬರಿದ್ದರು. ಗಢವಾಲಿನ ಅಜ್ಜಿ. ಮೊಮ್ಮಗಳಿಗೆಂದು ಪುಸ್ತಕ ಒಯ್ದು ಮೊದಲು ತಾವೇ ಓದಿ ಮುಗಿಸುವವರು. ಮೊದಮೊದಲು ನಮಸ್ಕಾರ ಮಾತ್ರ. ಒಂದು ಬುಧವಾರ ವ್ಯಾನು ಬರಲೇ ಇಲ್ಲ. ಮೂರಾಯಿತು, ಮೂರೂವರೆಯಾಯಿತು. ಅಂಥ ಹೊತ್ತಿನಲ್ಲಿ ರಾಯರು ಸಾಮಾನ್ಯವಾಗಿ ಎದ್ದುಬಿಡುವವರು. ಅಂದು ಏಳಲಿಲ್ಲ, ಏಕೆಂದರೆ ಅಜ್ಜಿ ಏಳಲಿಲ್ಲ. ಅರ್ಧಕ್ಕೆ ನಿಂತ ಕಥೆಯ ಬಗ್ಗೆ ಅವರು ಹೇಳಿದರು. ಅದೇ ಪುಸ್ತಕ ಒಯ್ದಿದ್ದು ಅಜ್ಜಿ! ಉಳಿದ ಕಥೆಯನ್ನು ಅಜ್ಜಿ ಅಲ್ಲೇ ಕೂತು ಹೇಳಿದರು. ಮಗಳ ಮನೆಯಲ್ಲಿ ತಮಗೂ ಐದು ವರ್ಷವಾಯಿತೆಂದೂ, ಗುಡ್ಡದ ಮೇಲಿನ ತಮ್ಮ ಮನೆಯ ಮಾಡು ಕಳೆದ ಮಳೆಗಾಲದಲ್ಲಿ ಕುಸಿಯಿತೆಂದೂ ಹೇಳಿದರು. ನಾಲ್ಕೂವರೆಗೆ ಇಬ್ಬರೂ ಎದ್ದರು. ಪುಸ್ತಕವಿಲ್ಲದೆ ಮನೆಗೆ ಹೋದ ಆ ಬುಧವಾರ ರಾಯರಿಗೆ ಖಾಲಿ ಎನಿಸಲಿಲ್ಲ.

ಅದರ ಮುಂದಿನ ವಾರ ಅವರಿಗೆ ಜ್ವರ. ಹೋಗಲಾಗಲಿಲ್ಲ. ಸಂಜೆ ಬಾಗಿಲ ಗಂಟೆ ಬಾರಿಸಿತು. ಅಜ್ಜಿಯ ಮೊಮ್ಮಗಳು ಒಂದು ಪುಸ್ತಕ ಹಿಡಿದು ನಿಂತಿದ್ದಳು. ನಾನಿ ತನ್ನ ಕಾರ್ಡಿನಲ್ಲಿ ತೆಗೆಸಿ ಕಳಿಸಿದ್ದಾಳೆ ಎಂದಳು. ದೆಹಲಿಗೆ ಬಂದ ಮೇಲೆ ಅವರು ಎಲ್ಲಿಯೂ ಕಾಣಲಿಲ್ಲವೆಂದು ಯಾರಾದರೂ ಗಮನಿಸಿದ್ದು ಅದೇ ಮೊದಲು.

ರಾತ್ರಿ ಮಗನ ಮುಂದೆ ಮಡಚಿದ ಹಾಳೆ ಬಿಚ್ಚಿಟ್ಟರು.

"ಇಷ್ಟು ದಿನಾ ಯಾಕ ಹೇಳಲಿಲ್ಲಪ್ಪಾ?"

"ನಿನ್ನ ಕೆಲಸದಾಗ ಇದೊಂದು ಯಾಕಂತ ಸುಮ್ನಿದ್ದೆ."

ಮಗ ಅದೇ ರಾತ್ರಿ ಪಾಸ್‌ಪೋರ್ಟಿನ ಪ್ರತಿ ಹಾಕಿದ. ರಾಯರ ಫೋನಿಗೆ ಬಂದ ಒಟಿಪಿಯನ್ನು ಅವರೇ ಒಂದೊಂದಾಗಿ ಓದಿ ಹೇಳಿದರು. ಆಮೇಲೆ ಮಗನ ಕಡೆಯಿಂದ ಒಪ್ಪಿಗೆಯಾಯಿತು. "ಈಗ ನೀ ಮುಖ್ಯಸ್ಥ ಆದಿ" ಎಂದರು ರಾಯರು. ಮಗ ನಗಲಿಲ್ಲ. "ಕಾಗದದಾಗ ಅಷ್ಟ" ಎಂದ.

ಹೊಸ ಕಾರ್ಡು ಕೈಗೆ ಬಂದ ದಿನ ರಾಯರು ಒಂದು ಮಾತು ಕೇಳಿದರು. ಕನ್ನಡದ್ದು ಏನಾದರೂ ಸಿಗಬಹುದೇ? ಗ್ರಂಥಪಾಲಕಿ ಸ್ವಲ್ಪ ಯೋಚಿಸಿ ಹೇಳಿದರು: 1954ರ ಕಾನೂನಿನ ಪ್ರಕಾರ ದೇಶದಲ್ಲಿ ಯಾವ ಭಾಷೆಯ ಪುಸ್ತಕ ಅಚ್ಚಾದರೂ ಪ್ರಕಾಶಕರು ಕೋಲ್ಕತ್ತಾ, ಚೆನ್ನೈ, ಮುಂಬೈ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ದೆಹಲಿಯದು ನಮ್ಮದೇ. ಎಲ್ಲರೂ ಕಳಿಸುವುದಿಲ್ಲ, ಬಂದದ್ದೆಲ್ಲ ವ್ಯಾನಿಗೂ ಬರುವುದಿಲ್ಲ. ವಿಚಾರಿಸುತ್ತೇನೆ.

ಮೂರು ವಾರ ಕಳೆಯಿತು. ನಾಲ್ಕನೆಯ ಬುಧವಾರ ಗ್ರಂಥಪಾಲಕಿ ಮೇಜಿನ ಕೆಳಗಿನಿಂದ ಒಂದು ಪುಸ್ತಕ ತೆಗೆದುಕೊಟ್ಟರು. ಧಾರವಾಡದಲ್ಲಿ ಅಚ್ಚಾದ ಕಾದಂಬರಿ. ಹಿಂದಿನ ಪುಟದಲ್ಲಿ ಅಂಟಿಸಿದ್ದ ತಾರೀಖಿನ ಚೀಟಿ ಪೂರ್ತಿ ಬಿಳಿಯಾಗಿತ್ತು. ಇಷ್ಟು ವರ್ಷದಲ್ಲಿ ಅದನ್ನು ಒಬ್ಬರೂ ಒಯ್ದಿರಲಿಲ್ಲ. ಮೊದಲ ಮುದ್ರೆ ಬಿದ್ದದ್ದು ರಾಯರ ಹೆಸರಿಗೆ. ಓದಿ ಮುಗಿಸಿ, ಮುಂದಿನ ಬುಧವಾರ ಕಟ್ಟೆಯ ಮೇಲೆ ಕೂತು ಅಜ್ಜಿಗೆ ಆ ಕಥೆಯನ್ನು ತಮ್ಮ ಹಿಂದಿಯಲ್ಲಿ ಹೇಳಿದರು. ಎಷ್ಟೋ ಕಡೆ ಪದ ಸಿಗದೆ ಕೈಯಲ್ಲೇ ತೋರಿಸಿದರು. ಅಜ್ಜಿ ಒಂದೆಡೆ ಕಣ್ಣೊರೆಸಿಕೊಂಡರು.

ಉಳಿದ ಆರು ದಿನ ಮನೆ ಮೊದಲಿನಷ್ಟೇ ಸುಮ್ಮನಿರುತ್ತದೆ. ಆದರೆ ಈಗ ಸೋಮವಾರ ಎಂದರೆ ಬುಧವಾರಕ್ಕೆ ಎರಡು ದಿನ, ಓದಬೇಕಾದದ್ದು ಇನ್ನು ಅರವತ್ತು ಪುಟ.

ದಸರೆಗೆ ಊರಿಗೆ ಹೋಗಿ ಬರೋಣವೆಂದು ಮಗ ಟಿಕೆಟ್ ನೋಡುತ್ತಿದ್ದ.

"ಗುರುವಾರ ಹೊಂಟು ಮಂಗಳವಾರ ಇಲ್ಲಿ ಬಂದು ಮುಟ್ಟೂ ಹಂಗ ಮಾಡ್ಸಪಾ" ಎಂದರು ರಾಯರು.

"ಹೋಗಿ ಬರೂದಕ್ಕ ಅಷ್ಟು ದಿನ ರೈಲ್ನಾಗ ಹೋದ್ರ, ಅಲ್ಲಿ ಎಷ್ಟು ದಿನ ಇರ್ತಿ?"

"ಕೀಲಿ ತಗದು, ಕಸಾ ಹೊಡದು, ದೇವರ ಮುಂದ ಒಂದು ದೀಪ ಹಚ್ಚಿ ಬರೂದಕ್ಕ ಸಾಕು."