28 ಗಂಟೆ ಎಲ್ಲಿಂದ ಬಂತು?

ಬೋರಿವಲಿಯಿಂದ ಚರ್ಚ್‌ಗೇಟಿಗೆ ಎಷ್ಟು ಹೊತ್ತು ಎಂದು ಕೇಳಿದರೆ ಮುಂಬೈಯವರು ಒಂದೇ ಉತ್ತರ ಕೊಡುವುದಿಲ್ಲ. ಫಾಸ್ಟ್ ಸಿಕ್ಕರೆ ಇಷ್ಟು, ಸ್ಲೋ ಆದರೆ ಇಷ್ಟು, ಮಳೆ ಬಂದರೆ ಹೇಳಲಾಗದು ಎನ್ನುತ್ತಾರೆ. ಅದೇ ಜನ ಅಂಧೇರಿಯ ಆಫೀಸಿನಲ್ಲಿ ಸ್ಪ್ರಿಂಟ್ ಪ್ಲಾನಿಂಗಿಗೆ ಕೂತಾಗ, 'ಇದರ ಟೆಸ್ಟಿಂಗಿಗೆ ಎಷ್ಟು ಗಂಟೆ?' ಎಂದರೆ ತಟ್ಟನೆ ಒಂದೇ ಸಂಖ್ಯೆ ಹೇಳಿಬಿಡುತ್ತಾರೆ. ಆ ಸಂಖ್ಯೆ ತಪ್ಪಿದಾಗ ಟೆಸ್ಟರುಗಳ ಶನಿವಾರ ಹೋಗುತ್ತದೆ.

ನಾವು ಹಳೆಯ ಲೆಕ್ಕ ತೆಗೆದು ನೋಡಿದೆವು. ಹಣ ವಾಪಸಾತಿಯಂಥ ಒಂದೇ ಅಳತೆಯ ಆರು ಕೆಲಸಗಳ ಟೆಸ್ಟಿಂಗಿಗೆ ಹಿಡಿದದ್ದು 8, 12, 12, 13, 14 ಮತ್ತು 28 ಗಂಟೆ. '28 ಅಪವಾದ, ಬಿಡಿ' ಎಂದರು ಕೆಲವರು. ಆದರೆ ಬಗ್ ಸರಿಯಾಯಿತೆಂದು ಬಂದದ್ದು ಎರಡು ಸಲ ಮತ್ತೆ ಕೆಟ್ಟು, ಮೂರು ಸುತ್ತು ಪರೀಕ್ಷೆ ನಡೆದದ್ದರಿಂದ ಅಷ್ಟು ಹಿಡಿದಿತ್ತು. ಹಾಗಾಗುವುದು ಅಪರೂಪವೇನಲ್ಲ. ಆದ್ದರಿಂದ ಅತಿ ಕಡಿಮೆ 8, ಸಾಮಾನ್ಯ 12, ಅತಿ ಹೆಚ್ಚು 28 ಎಂದೇ ಇಟ್ಟೆವು. 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪುಗೊಂಡ ಪರ್ಟ್ ವಿಧಾನದ ಸೂತ್ರ ಹೀಗಿದೆ:

```
E  = (O + 4M + P) / 6 = (8 + 48 + 28) / 6 = 14
SD = (P - O) / 6      = 20 / 6            = 3.3
```

ಆರು ಕೆಲಸಗಳ ನಿಜವಾದ ಸರಾಸರಿ 14.5. ಸೂತ್ರದ ಉತ್ತರ ಅದರ ಹತ್ತಿರವೇ ಇದೆ. 28ನ್ನು ಬಿಟ್ಟಿದ್ದರೆ 12ರಲ್ಲೇ ನಿಲ್ಲುತ್ತಿದ್ದೆವು.

ಇಂಥ ನಾಲ್ಕು ಕೆಲಸ ತೆಗೆದುಕೊಂಡರೆ 56 ಗಂಟೆ. ಎಲ್ಲವೂ ಒಟ್ಟಿಗೆ ಕೆಡುವುದು ಅಪರೂಪವಾದ್ದರಿಂದ ಏರುಪೇರು ನಾಲ್ಕು ಪಟ್ಟಾಗುವುದಿಲ್ಲ. ನಾಲ್ಕರ ವರ್ಗಮೂಲ ಎರಡು, ಹಾಗಾಗಿ ಎರಡೇ ಪಟ್ಟು, ಅಂದರೆ 6.7. ಅದರ ಇಮ್ಮಡಿ ಸೇರಿಸಿಕೊಂಡರೆ 69 ಗಂಟೆ ಕೈಯಲ್ಲಿರಬೇಕು. ನಮ್ಮಲ್ಲಿದ್ದದ್ದು 60: ಇಬ್ಬರು ಟೆಸ್ಟರು, ದಿನಕ್ಕೆ ಐದು ಗಂಟೆ, ಆರು ದಿನ. ಎರಡು ವಾರದ ಸ್ಪ್ರಿಂಟಿನಲ್ಲಿ ಕೋಡ್ ಕೈಸೇರುವುದೇ ನಾಲ್ಕನೇ ದಿನ, ಕೊನೆಯ ದಿನ ಡೆಮೊಗೆ. ಮೂರೇ ಕೆಲಸವಾದರೆ ಅದೇ ಲೆಕ್ಕದಲ್ಲಿ ಸುಮಾರು 54. ಮೂರನ್ನೇ ಒಪ್ಪಿಕೊಂಡೆವು.

ಈ ವರ್ಗಮೂಲದ ಲೆಕ್ಕಕ್ಕೆ ಒಂದು ಮಿತಿಯಿದೆ. ಒಂದೊಂದು ಕೆಲಸವೂ ತನ್ನದೇ ಕಾರಣಕ್ಕೆ ತಡವಾದರೆ ಮಾತ್ರ ಅದು ಸರಿ. ಟೆಸ್ಟ್ ಸರ್ವರ್ ಎರಡು ದಿನ ಮಲಗಿದರೆ ಎಲ್ಲ ಕೆಲಸವೂ ಒಟ್ಟಿಗೇ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಬಿದ್ದಾಗ ಯಾವುದೋ ಒಂದು ಲೋಕಲ್ ತಡವಾಗಲಿಲ್ಲ, ಊರೇ ನಿಂತಿತ್ತು. ಇಂಥದ್ದನ್ನು ಒಂದೊಂದು ಕೆಲಸದ ಗಂಟೆಗಳಲ್ಲಿ ಬಚ್ಚಿಡಬಾರದು. ಕೈಯಲ್ಲಿರುವ 60ರಿಂದಲೇ ಬೇರೆಯಾಗಿ ಕಳೆಯಬೇಕು.

ಸ್ಪ್ರಿಂಟ್ ಮುಗಿದ ಮೇಲೆ ನಿಜವಾಗಿ ಹಿಡಿದ ಗಂಟೆಯನ್ನು ಅಂದಾಜಿನ ಪಕ್ಕದಲ್ಲೇ ಬರೆಯುತ್ತೇವೆ. ಹತ್ತರಲ್ಲಿ ಎಂಟು ಕೆಲಸ ಅಂದಾಜನ್ನು ದಾಟಿದ್ದರೆ, ಮತ್ತೆ ಯಾರೋ ನಮ್ಮ 28ನ್ನು ಅಳಿಸಿದ್ದಾರೆ ಎಂದರ್ಥ.