ಉಳಿದ ಒಂದು ಪರ್ಸೆಂಟ್ ಯಾರದು?

ನಮ್ಮ ಮನೆಯ ಮಾತು ಉರ್ದು, ಅಂಗಡಿಯ ಲೆಕ್ಕದ ಪುಸ್ತಕ ಕನ್ನಡ. ಅಬ್ಬಾ, ಚಾಚಾ ಮತ್ತು ಫೂಫಿ ಸೇರಿ ಒಂದು ಬ್ಯಾಗ್ ಅಂಗಡಿ ನಡೆಸುತ್ತಾರೆ. ಅಬ್ಬಾ ಹಾಕಿದ ಬಂಡವಾಳ 1,20,000 ರೂಪಾಯಿ, ಚಾಚಾ 70,000, ಫೂಫಿ 40,000. ಒಟ್ಟು 2,30,000. ನಾನು ಕಾಮರ್ಸ್ ತೆಗೆದುಕೊಂಡ ಮೇಲೆ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಈ ವರ್ಷ ಪಾಲುದಾರಿಕೆ ಪತ್ರ ಬರೆಸುವಾಗ ಚಾಚಾ, "ಮೂವರ ಪಾಲು ನೂರಕ್ಕೆ ಎಷ್ಟೆಷ್ಟು ಹೇಳು, ಪಾಯಿಂಟ್ ಗೀಯಿಂಟ್ ಬೇಡ" ಎಂದರು.

ಭಾಗಿಸಿದೆ. ಅಬ್ಬಾ 52.17, ಚಾಚಾ 30.43, ಫೂಫಿ 17.39. ಮೂರರಲ್ಲೂ ಪಾಯಿಂಟ್ ನಂತರದ ಭಾಗ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ರೌಂಡ್ ಆಫ್ ಮಾಡಿದರೆ ಮೂರೂ ಕೆಳಗಿಳಿದು 52, 30, 17 ಆಗುತ್ತವೆ. ಕೂಡಿದರೆ 99. ಲೆಕ್ಕ ತಪ್ಪಿಲ್ಲ. ಪ್ರತಿಯೊಬ್ಬರಿಂದ ಬಿಟ್ಟ ಚೂರುಗಳು ಸೇರಿಯೇ ಆ ಒಂದು ಪರ್ಸೆಂಟ್ ಆಗಿದೆ.

"ಅದು ಭಾಯಿಗೇ ಇರಲಿ, ಹಿರಿಯರು" ಎಂದರು ಚಾಚಾ. ಆಗ ಫೂಫಿ, "ಒಂದು ಪರ್ಸೆಂಟ್ ಅಂದ್ರೆ ಎಷ್ಟು ದುಡ್ಡು ಬೇಟಾ?" ಎಂದು ಕೇಳಿದರು. ಹೋದ ವರ್ಷದ ಲಾಭ 92,000. ಅದರಲ್ಲಿ ಒಂದು ಪರ್ಸೆಂಟ್ ಎಂದರೆ 920 ರೂಪಾಯಿ, ಅದೂ ಪ್ರತಿ ವರ್ಷ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇದಕ್ಕೆ ಹಳೆಯದೊಂದು ವಿಧಾನವಿದೆ. ಮೊದಲು ಎಲ್ಲರ ಪಾಲಿನಿಂದ ಪಾಯಿಂಟ್ ನಂತರದ ಭಾಗವನ್ನು ತೆಗೆದು ಪೂರ್ಣ ಸಂಖ್ಯೆಯನ್ನಷ್ಟೇ ಕೊಡಬೇಕು. ನೂರಕ್ಕೆ ಎಷ್ಟು ಕಡಿಮೆ ಬಿತ್ತೋ ನೋಡಬೇಕು. ಯಾರಿಂದ ತೆಗೆದ ಚೂರು ಎಲ್ಲಕ್ಕಿಂತ ದೊಡ್ಡದೋ ಅವರಿಗೆ ಮೊದಲ ಒಂದು, ನಂತರದವರಿಗೆ ಇನ್ನೊಂದು, ಹೀಗೆ ನೂರು ತುಂಬುವವರೆಗೆ ಹಂಚಬೇಕು. ನಮ್ಮಲ್ಲಿ ಚೂರುಗಳು 0.17, 0.43, 0.39. ಕಡಿಮೆ ಬಿದ್ದದ್ದು ಒಂದೇ. ಅದು ಚಾಚಾಗೆ ಹೋಗಬೇಕು. 52, 31, 17.

ಇದು ನ್ಯಾಯವೇ ಎಂದು ರೂಪಾಯಿಯಲ್ಲಿ ನೋಡಿದೆ. 92,000ದಲ್ಲಿ ಸರಿಯಾದ ಪಾಲು 48,000, 28,000, 16,000. ಒಂದು ಪರ್ಸೆಂಟನ್ನು ಅಬ್ಬಾಗೆ ಕೊಟ್ಟರೆ ಅವರಿಗೆ 760 ಹೆಚ್ಚು, ಚಾಚಾಗೆ 400 ಮತ್ತು ಫೂಫಿಗೆ 360 ಕಡಿಮೆ. ಚಾಚಾಗೆ ಕೊಟ್ಟರೆ ಅವರಿಗೆ 520 ಹೆಚ್ಚು, ಅಬ್ಬಾಗೆ 160, ಫೂಫಿಗೆ 360 ಕಡಿಮೆ. ವ್ಯತ್ಯಾಸ ಹೋಗಲಿಲ್ಲ, ಆದರೆ ಕಡಿಮೆಯಾಯಿತು. ಫೂಫಿಯ 360 ಮಾತ್ರ ಎರಡೂ ಕಡೆ ಹಾಗೇ ಉಳಿಯಿತು.

ಪಾಯಿಂಟ್ ನಂತರ ಒಂದು ಅಂಕಿ ಇಟ್ಟರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಇಟ್ಟರೆ 52.2, 30.4, 17.4. ಮೊತ್ತ ಸರಿಯಾಗಿ 100. ಆದರೆ ಎರಡು ಅಂಕಿ ಇಟ್ಟಾಗ ಮೊತ್ತ 99.99. ಅಂಕಿ ಹೆಚ್ಚಿದಂತೆ ವ್ಯತ್ಯಾಸ ಸಣ್ಣದಾಗುತ್ತದೆ, ಇಲ್ಲವಾಗುತ್ತದೆ ಎಂಬ ಖಾತ್ರಿಯಿಲ್ಲ. ಕಂಪ್ಯೂಟರ್ ಲ್ಯಾಬಿನಲ್ಲಿ ಎಕ್ಸೆಲ್‌ನಲ್ಲಿ ಮಾಡಿದರೆ ಇನ್ನೊಂದು ತಮಾಷೆ. ಪರದೆಯ ಮೇಲೆ 52, 30, 17 ಕಾಣುತ್ತದೆ, ಕೆಳಗೆ ಮೊತ್ತ 100 ಎನ್ನುತ್ತದೆ. ಅದು ತೋರಿಸುವುದು ರೌಂಡ್ ಆಫ್ ಮಾಡಿದ ಅಂಕಿ, ಕೂಡುವುದು ಒಳಗಿರುವ ಪೂರ್ತಿ ಅಂಕಿ. ಕೈಯಲ್ಲಿ ಕೂಡಿ ನೋಡಿದವರಿಗೆ ಮಾತ್ರ ಇದು ಗೊತ್ತಾಗುತ್ತದೆ.

ಈ ವಿಧಾನಕ್ಕೂ ಮಿತಿಯಿದೆ. ಮೂವರೂ ಸಮನಾಗಿ ಬಂಡವಾಳ ಹಾಕಿದ್ದರೆ 33, 33, 33 ಬರುತ್ತದೆ, ಚೂರುಗಳೂ ಸಮ. ಉಳಿದ ಒಂದು ಯಾರಿಗೆ ಎಂದು ಗಣಿತ ಹೇಳುವುದಿಲ್ಲ. ಚೀಟಿ ಎತ್ತಬೇಕು, ಇಲ್ಲವೇ ಮೊದಲೇ ಮಾತಾಡಿಕೊಂಡಿರಬೇಕು. ಅಮೆರಿಕದಲ್ಲಿ ರಾಜ್ಯಗಳಿಗೆ ಸಂಸತ್ತಿನ ಸ್ಥಾನ ಹಂಚಲು ಇದೇ ವಿಧಾನ ಬಳಸುತ್ತಿದ್ದರು. 1880ರ ಜನಗಣತಿಯ ನಂತರ ಲೆಕ್ಕ ಹಾಕಿದಾಗ, ಒಟ್ಟು 299 ಸ್ಥಾನವಿದ್ದರೆ ಅಲಬಾಮಾ ರಾಜ್ಯಕ್ಕೆ 8, 300 ಇದ್ದರೆ 7 ಎಂದು ಬಂತು! ಹಂಚುವ ಮೊತ್ತ ಹೆಚ್ಚಿದರೂ ಒಬ್ಬರ ಪಾಲು ಇಳಿಯಿತು. ನಾವು ಯಾವಾಗಲೂ ನೂರನ್ನೇ ಹಂಚುವುದರಿಂದ ಈ ತೊಂದರೆ ನಮಗಿಲ್ಲ.

ಕೊನೆಗೆ ಪತ್ರದಲ್ಲಿ ಪರ್ಸೆಂಟನ್ನೇ ಬರೆಯಲಿಲ್ಲ. ಅಕೌಂಟೆನ್ಸಿಯಲ್ಲಿ ಕಲಿಯುವ ಹಾಗೆ 12:7:4 ಎಂದು ಅನುಪಾತ ಬರೆಸಿದೆವು. ಹಾಗಾಗಿ ಫೂಫಿಯ 360 ರೂಪಾಯಿ ಎಲ್ಲಿಗೂ ಹೋಗಲಿಲ್ಲ. ಹಣ ಹಂಚುವಾಗ ಅನುಪಾತ ಇರಲಿ. ನೋಟಿಸ್ ಬೋರ್ಡಿನ ಪಟ್ಟಿಗೋ ಪ್ರಾಜೆಕ್ಟಿನ ಚಿತ್ರಕ್ಕೋ ಪರ್ಸೆಂಟ್ ಬೇಕಾದರೆ ದೊಡ್ಡ ಚೂರಿನವರಿಗೆ ಮೊದಲು ಕೊಡಿ, ಹಾಗೆ ಮಾಡಿದ್ದೇವೆಂದು ಕೆಳಗೆ ಒಂದು ಸಾಲು ಬರೆಯಿರಿ.